ಡಯಾಲಿಸಿಸ್‌ನವರ ರಾತ್ರಿ: ತುರಿಕೆ, ಕಾಲಿನ ಚಡಪಡಿಕೆ, ನಿದ್ದೆಗೇಡು

ಈ ಲೇಖನ ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಾತ್ರಿಯ ಬಗ್ಗೆ. ಕಿಡ್ನಿ ಕೆಟ್ಟವರ ಮನೆಗೆ ಹೋದವರು ಸೂಜಿಯ ಬಗ್ಗೆ, ಖರ್ಚಿನ ಬಗ್ಗೆ, ನೀರು ಕಡಿಮೆ ಕುಡಿಯಬೇಕಾದ ಬಗ್ಗೆ ಕೇಳುತ್ತಾರೆ. ರಾತ್ರಿ ಮೈ ತುರಿಸುತ್ತದೆಯೇ, ಕಾಲು ಸುಮ್ಮನಿರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ರೋಗಿಯೂ ಹೇಳುವುದಿಲ್ಲ. ತುರಿಕೆ ಎಂಬುದು ಡಾಕ್ಟರ ಮುಂದೆ ಹೇಳುವಷ್ಟು ದೊಡ್ಡ ಮಾತಲ್ಲ ಎಂದುಕೊಳ್ಳುತ್ತಾರೆ.

ನಾನು ಕಾಮರ್ಸ್ ವಿದ್ಯಾರ್ಥಿ, ಜೀವಶಾಸ್ತ್ರ ಓದಿದವರಲ್ಲ. ಆದರೆ ನಮ್ಮ ನಾನಾ ಆಡಕಿಯಲ್ಲಿದ್ದಾರೆ. ಎರಡು ವರ್ಷದಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುತ್ತಾರೆ. ಜೊತೆಗೆ ಹೋಗುವ ಪಾಳಿ ಹಲವು ಸಲ ನನ್ನದೇ. ಕಳೆದ ಬೇಸಿಗೆಯಲ್ಲಿ ಅವರು, ‘ರಾತ್ರಿಯೆಲ್ಲ ನಿದ್ದೆ ಇಲ್ಲ, ಇನ್ನು ವಾರಕ್ಕೆ ಒಂದೇ ಸಲ ಹೋಗುತ್ತೇನೆ’ ಎಂದು ಹಟ ಹಿಡಿದರು. ಅದಕ್ಕೂ ಮೊದಲೇ ನಾಲ್ಕು ತಾಸು ಕೂರಲಾಗದೆ ಮೂರೂವರೆ ತಾಸಿಗೆ ಬಿಡಿಸಿಕೊಂಡು ಏಳುತ್ತಿದ್ದರು. ಡಯಾಲಿಸಿಸ್ ಕಡಿಮೆ ಮಾಡಿದರೆ ಜೀವಕ್ಕೇ ಅಪಾಯ. ಆ ಹಟದ ಮೂಲ ತುರಿಕೆ ಮತ್ತು ಕಾಲು ಎಂದು ಗೊತ್ತಾದ ಮೇಲೆ ಕೇಂದ್ರದ ಡಾಕ್ಟರನ್ನೂ ಸಿಸ್ಟರನ್ನೂ ಕೇಳುತ್ತ, ಓದುತ್ತ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಇದು ಒಬ್ಬಿಬ್ಬರ ಕಥೆಯಲ್ಲ. ಹಲವು ದೇಶಗಳ ಡಯಾಲಿಸಿಸ್ ರೋಗಿಗಳನ್ನು ಕೇಳಿ ಮಾಡಿದ ದೊಡ್ಡ ಅಧ್ಯಯನವೊಂದರಲ್ಲಿ ಹತ್ತರಲ್ಲಿ ಸುಮಾರು ನಾಲ್ವರಿಗೆ ಮಧ್ಯಮದಿಂದ ವಿಪರೀತದವರೆಗಿನ ತುರಿಕೆ ಇತ್ತು. ಸದಾ ತುರಿಕೆ ಇರುವವರಲ್ಲೂ ಸುಮಾರು ಆರಕ್ಕೆ ಒಬ್ಬರು ಅದನ್ನು ಯಾವ ಡಾಕ್ಟರಿಗೂ ನರ್ಸಿಗೂ ಹೇಳಿರಲಿಲ್ಲ.

ತುರಿಕೆ ಎಲ್ಲಿಂದ ಬರುತ್ತದೆ

ವಾರಕ್ಕೆ 168 ತಾಸು. ಆರೋಗ್ಯವಂತರ ಕಿಡ್ನಿ ಅಷ್ಟೂ ತಾಸು ರಕ್ತ ಸೋಸುತ್ತದೆ. ನಾನಾ ಅವರ ಯಂತ್ರ ಸೋಸುವುದು ಎರಡು ಸಲ ಸೇರಿ ಎಂಟು ತಾಸು. ಆದ್ದರಿಂದ ಯಂತ್ರ ಎಷ್ಟು ಒಳ್ಳೆಯದಿದ್ದರೂ ಕಲ್ಮಶ ಸ್ವಲ್ಪ ಉಳಿಯುತ್ತದೆ. ತುರಿಕೆಗೆ ಅದೊಂದೇ ಕಾರಣವಲ್ಲ. ಮುಖ್ಯವಾಗಿ ಮೂರು ಸಂಗತಿ ಸೇರುತ್ತವೆ.

ಮೊದಲನೆಯದು ಒಣ ಚರ್ಮ. ಕಿಡ್ನಿ ಕೆಟ್ಟವರಲ್ಲಿ ಬೆವರಿನ ಗ್ರಂಥಿ, ಎಣ್ಣೆಯ ಗ್ರಂಥಿ ಎರಡೂ ಸೊರಗುತ್ತವೆ. ಚರ್ಮ ಬೇಸಿಗೆಯ ಕೆರೆಯ ತಳದಂತೆ ಒಣಗುತ್ತದೆ. ಅದರ ಮೇಲೆ ನಮ್ಮ ಕಡೆಯ ಬಿಸಿಲು, ಬೋರಿನ ಗಡಸು ನೀರು, ದಿನಾ ಮೈತುಂಬ ಸೋಪು.

ಎರಡನೆಯದು ರಂಜಕ, ಅಂದರೆ ಫಾಸ್ಫರಸ್. ಇದನ್ನು ಜಮಾ–ಖರ್ಚಿನ ಹಾಗೆ ಬರೆದು ನೋಡಿದಾಗ ನನಗೆ ಸರಿಯಾಗಿ ತಿಳಿಯಿತು. ಸಾಮಾನ್ಯ ಊಟದಲ್ಲಿ ದಿನಕ್ಕೆ ಸುಮಾರು 900 ಮಿಲಿಗ್ರಾಂ ರಂಜಕ ಇರುತ್ತದೆ. ಅದರಲ್ಲಿ ನೂರಕ್ಕೆ 60ರಷ್ಟು ರಕ್ತಕ್ಕೆ ಸೇರುತ್ತದೆ ಎಂದುಕೊಂಡರೆ ದಿನಕ್ಕೆ 540, ವಾರಕ್ಕೆ 3780 ಮಿಲಿಗ್ರಾಂ ಜಮಾ. ನಾಲ್ಕು ತಾಸಿನ ಒಂದು ಡಯಾಲಿಸಿಸ್ ತೆಗೆಯುವುದು ಅಂದಾಜು 800. ವಾರಕ್ಕೆ ಎರಡು ಸಲವಾದರೆ 1600 ಖರ್ಚು. 2180 ಮಿಲಿಗ್ರಾಂ ಮೈಯಲ್ಲೇ ಬಾಕಿ. ಮೂರು ಸಲ ಮಾಡಿಸಿದರೂ 1380 ಬಾಕಿ. ಮೂತ್ರ ಇನ್ನೂ ಸ್ವಲ್ಪ ಬರುವವರಿಗೆ ಅದರಲ್ಲಿ ಒಂದಿಷ್ಟು ಹೋಗುತ್ತದೆ, ಬರದವರಿಗೆ ಅದೂ ಇಲ್ಲ. ಈ ಬಾಕಿ ರಕ್ತದಲ್ಲಿ ಏರುತ್ತ ಹೋದರೆ ಮೂಳೆ ಸವೆಯುತ್ತದೆ, ರಕ್ತನಾಳ ಗಡುಸಾಗುತ್ತದೆ, ಹಲವರಿಗೆ ತುರಿಕೆಯೂ ಹೆಚ್ಚುತ್ತದೆ.

ಮೂರನೆಯದು ನರ. ರಂಜಕ ಸರಿಯಾಗಿದ್ದರೂ ಚರ್ಮ ಮೆತ್ತಗಿದ್ದರೂ ಕೆಲವರಿಗೆ ತುರಿಕೆ ಹೋಗುವುದಿಲ್ಲ. ಕಾರಣ, ತುರಿಕೆಯ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರಗಳೇ ಕೆರಳಿರುತ್ತವೆ. ಸೊಳ್ಳೆ ಕಚ್ಚಿದಾಗ, ಅಲರ್ಜಿ ಆದಾಗ ಬರುವ ತುರಿಕೆಗೆ ಹಿಸ್ಟಮಿನ್ ಎಂಬ ರಾಸಾಯನಿಕ ಕಾರಣ. ಡಯಾಲಿಸಿಸ್‌ನವರ ತುರಿಕೆಯಲ್ಲಿ ಅದರ ಪಾತ್ರ ಕಡಿಮೆ. ಹಾಗಾಗಿ ಅಲರ್ಜಿ ಮಾತ್ರೆಯಿಂದ ಮಂಪರು ಬರುತ್ತದೆಯೇ ಹೊರತು ತುರಿಕೆ ಹೋಗುವುದು ಅಪರೂಪ. ಈ ಮಾತ್ರೆ ಮುಂದೆ ಕಾಲಿನ ವಿಷಯದಲ್ಲಿ ಮತ್ತೆ ಬರುತ್ತದೆ.

ಕಿಡ್ನಿಯ ತುರಿಕೆಯನ್ನು ಗುರುತಿಸುವುದು ಹೇಗೆ? ಸಾಮಾನ್ಯವಾಗಿ ಮೈಯ ಎರಡೂ ಕಡೆ ಇರುತ್ತದೆ. ಬೆನ್ನಿನಲ್ಲಿ ಹೆಚ್ಚು, ರಾತ್ರಿ ಹೆಚ್ಚು. ಮೈಮೇಲೆ ಗುಳ್ಳೆ ಇರುವುದಿಲ್ಲ, ಕಾಣುವುದು ಉಗುರಿನ ಗೀರು ಮಾತ್ರ. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಸಣ್ಣ ಗುಳ್ಳೆ ಇದ್ದು, ಮನೆಯ ಇತರರೂ ತುರಿಸಿಕೊಳ್ಳುತ್ತಿದ್ದರೆ ಅದು ಕಜ್ಜಿ ಇರಬಹುದು. ಅದರ ಔಷಧಿ ಬೇರೆ, ಮನೆಮಂದಿಯೆಲ್ಲ ಒಟ್ಟಿಗೇ ಹಚ್ಚಿಕೊಳ್ಳಬೇಕು. ಯಂತ್ರಕ್ಕೆ ಹಚ್ಚಿದ ಸ್ವಲ್ಪ ಹೊತ್ತಿಗೇ ತುರಿಕೆ ಶುರುವಾದರೆ ನಳಿಗೆಗೋ ಔಷಧಿಗೋ ಅಂಟುಪಟ್ಟಿಗೋ ಮೈ ಒಗ್ಗುತ್ತಿಲ್ಲ ಎಂದರ್ಥ. ಅಲ್ಲೇ, ಆಗಲೇ ಸಿಸ್ಟರಿಗೆ ಹೇಳಬೇಕು.

ತುರಿಕೆಗೆ ಏನು ಮಾಡಬಹುದು

ಅಗ್ಗದ ಔಷಧಿಯೇ ಮೊದಲ ಔಷಧಿ. ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷದೊಳಗೆ ಸ್ನಾನ ಮುಗಿಸಬೇಕು. ಸುಡುನೀರು ಆ ಕ್ಷಣಕ್ಕೆ ಹಿತವಾಗಿ ಕಂಡರೂ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಸಾಕು. ಮೈಯನ್ನು ಉಜ್ಜದೆ ಟವೆಲಿನಿಂದ ಒತ್ತಿ ಒರೆಸಿ, ಚರ್ಮದಲ್ಲಿ ಇನ್ನೂ ತೇವ ಇರುವಾಗಲೇ ವ್ಯಾಸಲೀನ್, ಸುವಾಸನೆ ಇಲ್ಲದ ಕ್ರೀಮು ಅಥವಾ ಕೊಬ್ಬರಿ ಎಣ್ಣೆ ಹಚ್ಚಬೇಕು. ಒಣಗಿದ ಮೇಲೆ ಹಚ್ಚಿದರೆ ಅರ್ಧ ಗುಣ ಹೋಯಿತು, ಏಕೆಂದರೆ ಎಣ್ಣೆಯ ಕೆಲಸ ಒಳಗಿನ ನೀರು ಆರಿಹೋಗದಂತೆ ತಡೆಯುವುದು. ದಿನಕ್ಕೆ ಎರಡು ಸಲ, ತಪ್ಪದೆ ಎರಡು ವಾರ ಹಚ್ಚಿ ನೋಡಬೇಕು. ಬೆನ್ನಿಗೆ ರೋಗಿಯ ಕೈ ಎಟುಕುವುದಿಲ್ಲ. ಅದು ಮನೆಯವರ ಕೆಲಸ, ನಮ್ಮಲ್ಲಿ ಅದನ್ನು ನಾನು ಮತ್ತು ನನ್ನ ತಮ್ಮ ಹಂಚಿಕೊಂಡಿದ್ದೇವೆ. ಫಿಸ್ಟುಲಾ ಇರುವ ಕೈಗೆ ಡಯಾಲಿಸಿಸ್ ದಿನ ಬೆಳಿಗ್ಗೆ ಎಣ್ಣೆ ಹಚ್ಚಬಾರದು, ಸೂಜಿ ಚುಚ್ಚುವ ಜಾಗ ಸ್ವಚ್ಛವಾಗಿರಬೇಕು. ಆ ಜಾಗದಲ್ಲಿ ಉಗುರಿನಿಂದ ಕೆರೆದು ಗಾಯವಾದರೆ ಸೋಂಕು ನೇರ ರಕ್ತಕ್ಕೆ ಹೋಗಬಹುದು. ಉಗುರು ಚಿಕ್ಕದಾಗಿ ಕತ್ತರಿಸಬೇಕು. ತುರಿಕೆ ಎದ್ದಾಗ ಕೆರೆಯುವ ಬದಲು ಒದ್ದೆ ಬಟ್ಟೆ ಇಡಬೇಕು.

ಎರಡನೆಯದು ರಂಜಕದ ಬಾಕಿ. ಇದಕ್ಕೆ ಕ್ಯಾಲ್ಸಿಯಂ ಅಸಿಟೇಟ್, ಸೆವೆಲಮರ್ ಎಂಬ ಮಾತ್ರೆಗಳನ್ನು ಕೊಡುತ್ತಾರೆ. ಇವು ರಕ್ತದಲ್ಲಿ ಕೆಲಸ ಮಾಡುವ ಮಾತ್ರೆಗಳಲ್ಲ. ಹೊಟ್ಟೆಯಲ್ಲಿ ಅನ್ನದೊಂದಿಗೆ ಬೆರೆತು, ರಂಜಕವನ್ನು ಹಿಡಿದುಕೊಂಡು ಮಲದಲ್ಲಿ ಹೊರಗೆ ಒಯ್ಯುತ್ತವೆ. ಊಟದ ನಡುವೆ ನುಂಗಿದರೆ ಮಾತ್ರ ಉಪಯೋಗ. ನಾನಾ ಬೆಳಿಗ್ಗೆ ಬಿ.ಪಿ. ಮಾತ್ರೆಯ ಜೊತೆ ಇದನ್ನೂ ಖಾಲಿ ಹೊಟ್ಟೆಗೆ ನುಂಗುತ್ತಿದ್ದರು. ಆಗ ಹಿಡಿದುಕೊಳ್ಳಲು ಹೊಟ್ಟೆಯಲ್ಲಿ ಏನೂ ಇರುವುದಿಲ್ಲ. ಈಗ ಆ ಡಬ್ಬಿ ದಸ್ತರ್‌ಖಾನಿನ ಮೇಲೆ, ಉಪ್ಪಿನಕಾಯಿಯ ಪಕ್ಕದಲ್ಲಿ ಇರುತ್ತದೆ.

ಊಟದಲ್ಲಿ ಏನು ಬಿಡಬೇಕು? ಕಪ್ಪು ಬಣ್ಣದ ಕೋಲಾ ಪಾನೀಯ, ಪೊಟ್ಟಣದ ತಿಂಡಿ, ಸಂಸ್ಕರಿಸಿದ ಮಾಂಸ ಇವುಗಳಲ್ಲಿ ಬೆರೆಸಿದ ರಂಜಕ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಅವನ್ನು ಮೊದಲು ಬಿಡಬೇಕು. ಪಾಯಾ, ಎಲುಬಿನ ಸೂಪು ಕಡಿಮೆ ಮಾಡಬೇಕು. ಒಂದು ಲೋಟ ಹಾಲಿನಲ್ಲಿ ಸುಮಾರು 200 ಮಿಲಿಗ್ರಾಂ ಇರುತ್ತದೆ, ಅದನ್ನೂ ಅಳೆಯಬೇಕು. ಆದರೆ ತೊಗರಿ ಬೇಳೆಯನ್ನು ಪೂರ್ತಿ ನಿಲ್ಲಿಸುವುದು ಸರಿಯಲ್ಲ. ಬೇಳೆಕಾಳಿನ ರಂಜಕ ಅಷ್ಟು ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ, ಮೇಲಾಗಿ ಡಯಾಲಿಸಿಸ್‌ನವರಿಗೆ ಪ್ರೋಟೀನ್ ಬೇಕು. ಎಷ್ಟು ಎಂಬುದನ್ನು ಕೇಂದ್ರದಲ್ಲಿ ಕೇಳಿ ನಿಶ್ಚಯಿಸಬೇಕು.

ಇಷ್ಟಕ್ಕೂ ಹೋಗದ ತುರಿಕೆಗೆ ಡಾಕ್ಟರು ಗ್ಯಾಬಾಪೆಂಟಿನ್ ಕೊಡುತ್ತಾರೆ. ಇದು ಕೆರಳಿದ ನರವನ್ನು ಶಾಂತ ಮಾಡುವ ಔಷಧಿ. ಇದು ಮೈಯಿಂದ ಹೊರಹೋಗುವುದು ಕಿಡ್ನಿಯ ಮೂಲಕ ಮಾತ್ರ. ಆದ್ದರಿಂದ ಬೇರೆಯವರು ದಿನಕ್ಕೆ 900 ಮಿಲಿಗ್ರಾಂ ಅಥವಾ ಹೆಚ್ಚು ನುಂಗುವ ಈ ಔಷಧಿಯನ್ನು ಡಯಾಲಿಸಿಸ್‌ನವರಿಗೆ ಸಾಮಾನ್ಯವಾಗಿ 100 ಮಿಲಿಗ್ರಾಂನಿಂದ, ಅದೂ ಡಯಾಲಿಸಿಸ್ ಮುಗಿದ ಮೇಲೆ ಮಾತ್ರ ಶುರು ಮಾಡುತ್ತಾರೆ. ಪಕ್ಕದ ಮನೆಯವರ ಕಾಲುನೋವಿನ ಚೀಟಿ ನೋಡಿ ಅದೇ ಮಾತ್ರೆ ತಂದು ದಿನಾ ನುಂಗಿದರೆ ಅದು ಮೈಯಲ್ಲಿ ಜಮೆಯಾಗುತ್ತದೆ. ಆಗ ತೂಕಡಿಕೆ, ತಲೆ ತಿರುಗಿ ಬೀಳುವುದು, ಕೈಕಾಲು ಜಗ್ಗುವುದು, ಮಾತು ತೊದಲುವುದು ಕಾಣಿಸುತ್ತವೆ. ಹೀಗಾದರೆ ಮುಂದಿನ ಗುಳಿಗೆ ಕೊಡದೆ ಕೂಡಲೇ ಕೇಂದ್ರಕ್ಕೆ ತಿಳಿಸಬೇಕು.

ಕಾಲು ಏಕೆ ಸುಮ್ಮನಿರುವುದಿಲ್ಲ

1945ರಲ್ಲಿ ಸ್ವೀಡನ್ನಿನ ವೈದ್ಯ ಕಾರ್ಲ್ ಎಕ್‌ಬಾಮ್ ಈ ತೊಂದರೆಯನ್ನು ವಿವರವಾಗಿ ಬರೆದು ‘ರೆಸ್ಟ್‌ಲೆಸ್ ಲೆಗ್ಸ್’ ಎಂದು ಕರೆದರು. ಚಡಪಡಿಸುವ ಕಾಲು ಎನ್ನಬಹುದು. ಡಯಾಲಿಸಿಸ್‌ನವರಲ್ಲಿ ಸುಮಾರು ನಾಲ್ಕೈದು ಜನಕ್ಕೆ ಒಬ್ಬರಿಗೆ ಇದು ಇರುತ್ತದೆ. ನಾನಾ ಹೇಳುವುದು, ‘ಬೇಟಾ, ಮೊಣಕಾಲಿನ ಕೆಳಗೆ ಒಳಗಡೆ ಇರುವೆ ಹರಿದ ಹಾಗೆ ಆಗುತ್ತದೆ.’

ಗುರುತಿಸಲು ನಾಲ್ಕು ಪ್ರಶ್ನೆ ಸಾಕು. ಕಾಲು ಆಡಿಸಲೇಬೇಕು ಎನಿಸುತ್ತದೆಯೇ? ಸುಮ್ಮನೆ ಕೂತಾಗ, ಮಲಗಿದಾಗ ಹೆಚ್ಚುತ್ತದೆಯೇ? ಎದ್ದು ನಡೆದರೆ ಆ ಹೊತ್ತಿಗೆ ಹೋಗುತ್ತದೆಯೇ? ಹಗಲಿಗಿಂತ ಸಂಜೆ, ರಾತ್ರಿ ಜಾಸ್ತಿಯೇ? ನಾಲ್ಕಕ್ಕೂ ಹೌದು ಎಂದರೆ ಹೆಚ್ಚಾಗಿ ಇದೇ. ಡಯಾಲಿಸಿಸ್ ಮುಗಿಯುವ ಹೊತ್ತಿಗೆ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ನೋಯುವುದು ಸೆಳೆತ, ಅದು ನೀರನ್ನು ಬೇಗ ತೆಗೆದಾಗ ಬರುತ್ತದೆ. ಶುಗರ್ ಇರುವವರ ಪಾದದ ಉರಿ, ಜೋಮು ನಡೆದರೂ ಹೋಗುವುದಿಲ್ಲ. ಈ ಮೂರರ ಔಷಧಿಯೂ ಬೇರೆ ಬೇರೆ. ‘ಕಾಲು ನೋವು’ ಎಂದಷ್ಟೇ ಹೇಳಿದರೆ ಡಾಕ್ಟರಿಗೆ ಯಾವುದೆಂದು ತಿಳಿಯುವುದಿಲ್ಲ.

ಇದಕ್ಕೆ ಮುಖ್ಯ ಕಾರಣ ಮಿದುಳಿಗೆ ಕಬ್ಬಿಣ ಸಾಲದಿರುವುದು. ಡಯಾಲಿಸಿಸ್‌ನಲ್ಲಿ ಪ್ರತಿ ಸಲ ನಳಿಗೆಯಲ್ಲಿ ಸ್ವಲ್ಪ ರಕ್ತ ಉಳಿದು ಹೋಗುತ್ತದೆ, ಪರೀಕ್ಷೆಗೂ ರಕ್ತ ತೆಗೆಯುತ್ತಾರೆ. ಹಾಗಾಗಿ ಕಬ್ಬಿಣ ಖಾಲಿಯಾಗುತ್ತ ಬರುತ್ತದೆ. ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಎಂಬ ಎರಡು ರಕ್ತಪರೀಕ್ಷೆಯಿಂದ ಇದು ಗೊತ್ತಾಗುತ್ತದೆ. ಒಂದೇ ಪರೀಕ್ಷೆ ಸಾಲದು, ಮೈಯಲ್ಲಿ ಸೋಂಕು ಇದ್ದರೆ ಫೆರಿಟಿನ್ ಸುಳ್ಳಾಗಿ ಹೆಚ್ಚು ತೋರಿಸಬಹುದು. ಕೊರತೆ ಇದ್ದರೆ ಡಯಾಲಿಸಿಸ್ ನಡೆಯುವಾಗಲೇ ಕಬ್ಬಿಣದ ಔಷಧಿಯನ್ನು ಆ ನಳಿಗೆಯಲ್ಲೇ ಕೊಡುತ್ತಾರೆ.

ಇನ್ನೊಂದು ಕಾರಣ ಔಷಧಿಗಳೇ. ನಿದ್ದೆ ಬರಿಸುವ ಅಲರ್ಜಿ ಮಾತ್ರೆಗಳು, ವಾಂತಿ ನಿಲ್ಲಿಸಲು ಕೊಡುವ ಮೆಟೊಕ್ಲೋಪ್ರಮೈಡ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಕಾಲಿನ ಚಡಪಡಿಕೆಯನ್ನು ಹೆಚ್ಚಿಸುತ್ತವೆ. ಇಲ್ಲಿಯೇ ತುರಿಕೆ, ಕಾಲು, ನಿದ್ದೆ ಮೂರೂ ಒಂದಕ್ಕೊಂದು ಗಂಟು ಬೀಳುವುದು. ತುರಿಕೆಗೆಂದು ಮಾತ್ರೆ ತಂದರೆ ತುರಿಕೆ ಹೋಗುವುದಿಲ್ಲ, ಕಾಲು ಕೆರಳುತ್ತದೆ, ನಿದ್ದೆ ಇನ್ನೂ ಕೆಡುತ್ತದೆ.

ಒಂದು ನೋಟ್‌ಬುಕ್ಕಿನ ಲೆಕ್ಕ

ನಾನಾ ಅವರಿಗೆ ಇದೇ ಆಗಿತ್ತು. ತುರಿಕೆ ತಡೆಯದ ರಾತ್ರಿ ಮನೆಯವರು ಮೆಡಿಕಲ್‌ನಿಂದ ತಂದ ಅಲರ್ಜಿ ಮಾತ್ರೆ ಕೊಡುತ್ತಿದ್ದರು. ಡಾಕ್ಟರು, ‘ಮೂರು ವಾರ ಬರೆದಿಡಿ, ಆಮೇಲೆ ನೋಡೋಣ’ ಎಂದರು. ನಾನು ಕ್ಯಾಶ್‌ಬುಕ್ಕಿನ ಹಾಗೆ ಗೆರೆ ಎಳೆದೆ: ತಾರೀಖು, ಡಯಾಲಿಸಿಸ್ ಎಷ್ಟು ತಾಸು, ಕೊನೆಯ ಚಹಾ ಎಷ್ಟಕ್ಕೆ, ಯಾವ ಮಾತ್ರೆ, ತುರಿಕೆಗೆ ಹತ್ತರಲ್ಲಿ ಎಷ್ಟು ಅಂಕ, ಮಧ್ಯರಾತ್ರಿಯ ನಂತರ ಎದ್ದು ನಡೆದರೇ, ಎಷ್ಟು ತಾಸು ನಿದ್ದೆ.

21 ರಾತ್ರಿಯಲ್ಲಿ 8 ರಾತ್ರಿ ಆ ಮಾತ್ರೆ ಕೊಟ್ಟಿದ್ದರು. ಆ 8ರಲ್ಲಿ 7 ರಾತ್ರಿ ನಾನಾ ಮಧ್ಯರಾತ್ರಿಯ ನಂತರ ಅಂಗಳದಲ್ಲಿ ನಡೆದಿದ್ದರು. ಮಾತ್ರೆ ಕೊಡದ 13 ರಾತ್ರಿಯಲ್ಲಿ ನಡೆದದ್ದು 4 ಸಲ. ತುರಿಕೆಯ ಅಂಕ ಎರಡರಲ್ಲೂ ಎಂಟರ ಆಸುಪಾಸು. ‘ಇಷ್ಟು ಕಡಿಮೆ ರಾತ್ರಿಯಿಂದ ಸಿದ್ಧವಾಯಿತು ಎನ್ನಲಾಗದು, ಆದರೆ ನಮಗೆ ತಿಳಿದದ್ದಕ್ಕೆ ಸರಿಹೊಂದುತ್ತದೆ’ ಎಂದು ಡಾಕ್ಟರು ಆ ಮಾತ್ರೆ ನಿಲ್ಲಿಸಿದರು. ಕಬ್ಬಿಣ ಪರೀಕ್ಷಿಸಿದಾಗ ಕಡಿಮೆ ಇತ್ತು, ಕೊಡಲು ಶುರು ಮಾಡಿದರು. ಡಯಾಲಿಸಿಸ್ ಪೂರ್ತಿ ನಾಲ್ಕು ತಾಸು ಆಗಲೇಬೇಕು ಎಂದರು. ಎರಡು ವಾರ ಎಣ್ಣೆ ಮತ್ತು ಊಟದ ನಡುವಿನ ಮಾತ್ರೆಯಿಂದ ತುರಿಕೆ ಐದಕ್ಕೆ ಇಳಿಯಿತು. ಆಮೇಲೆ ಡಯಾಲಿಸಿಸ್ ದಿನ ಗ್ಯಾಬಾಪೆಂಟಿನ್ 100 ಸೇರಿಸಿದರು. ಅದು ಕಾಲಿಗೂ ಕೆಲಸ ಮಾಡುತ್ತದೆ, ಒಂದೇ ಔಷಧಿಯಿಂದ ಎರಡು ಉಪಯೋಗ. ಆರು ವಾರದ ಕೊನೆಗೆ ತುರಿಕೆ ಮೂರು, ರಾತ್ರಿ ನಡೆಯುವುದು ವಾರಕ್ಕೆ ಎರಡು ಸಲ, ನಿದ್ದೆ ಮೂರು ತಾಸಿನಿಂದ ಐದು ತಾಸು. ಪೂರ್ತಿ ಹೋಗಿಲ್ಲ. ಆದರೆ ವಾರಕ್ಕೆ ಒಂದೇ ಸಲ ಎಂಬ ಮಾತು ನಿಂತಿದೆ.

ಉಳಿದ ನಿದ್ದೆ

ತುರಿಕೆ, ಕಾಲು ಎರಡೂ ತಗ್ಗಿದ ಮೇಲೂ ನಿದ್ದೆ ಬರದಿದ್ದರೆ ಹಗಲನ್ನು ನೋಡಬೇಕು. ಬೆಳಗಿನ ಪಾಳಿಯ ಡಯಾಲಿಸಿಸ್‌ನಲ್ಲಿ ಮೂರು ತಾಸು ಮಲಗಿ, ಮನೆಗೆ ಬಂದು ಮತ್ತೆರಡು ತಾಸು ಮಲಗಿದರೆ ರಾತ್ರಿಗೆ ನಿದ್ದೆ ಉಳಿಯುವುದಿಲ್ಲ. ಕೇಂದ್ರದ ಸಿಸ್ಟರ್ ಈಗ ಹತ್ತಿರ ಬಂದು, ‘ಚಾಚಾ, ಮಕ್ಕೋಬ್ಯಾಡ್ರಿ, ಕಾಲ್ ಆಡಸ್ರಿ’ ಎಂದು ಎಬ್ಬಿಸುತ್ತಾರೆ. ಮೊದಲ ಎರಡು ತಾಸಿನಲ್ಲಿ ಮಲಗಿದಲ್ಲೇ ಸೈಕಲ್ ತುಳಿದ ಹಾಗೆ ಕಾಲು ಆಡಿಸುವುದು ಚಡಪಡಿಕೆಗೂ ಒಳ್ಳೆಯದು. ಸಂಜೆ ಸ್ವಲ್ಪ ನಡಿಗೆ, ಮಲಗುವ ಮುಂಚೆ ಮೀನಖಂಡ ತಿಕ್ಕುವುದು, ಸಂಜೆ ನಾಲ್ಕರ ನಂತರ ಚಹಾ ಇಲ್ಲ. ಶುಗರ್ ಇರುವವರು ಬಿಸಿನೀರಲ್ಲಿ ಕಾಲು ಇಡಬಾರದು, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತಂತಾದರೆ ಅದು ಬೇರೆಯೇ ತೊಂದರೆ. ಹಗಲೆಲ್ಲ ಕಾಲಿನಲ್ಲಿ ನಿಂತ ನೀರು ಮಲಗಿದಾಗ ಕುತ್ತಿಗೆಯ ಕಡೆಗೆ ಸರಿದು ಉಸಿರಿನ ದಾರಿಯನ್ನು ಕಿರಿದು ಮಾಡುತ್ತದೆ. ಅಂಥವರಿಗೆ ನಿದ್ದೆ ಮಾತ್ರೆ ಅಪಾಯ. ಚಪ್ಪಟೆಯಾಗಿ ಮಲಗಿದರೆ ಉಸಿರೇ ಕಟ್ಟುತ್ತದೆ, ಎದ್ದು ಕೂತರೆ ಸರಿಯಾಗುತ್ತದೆ ಎಂದಾದರೆ ನೀರು ಎದೆಗೆ ಏರಿದೆ ಎಂದು ತಿಳಿದು ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಡಯಾಲಿಸಿಸ್‌ಗೆ ಹೋಗುವವರಿದ್ದರೆ ಮುಂದಿನ ಸಲ ಅವರ ಜೊತೆ ಮೂರು ವಸ್ತು ಕಳಿಸಿ: ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಹಾಕಿದ ಒಂದು ಚೀಲ, ಅಂಗಡಿಯಿಂದ ತಂದದ್ದೂ ಸೇರಿ, ಒಂದು ವಾರದ ತುರಿಕೆ ಮತ್ತು ನಿದ್ದೆಯ ಅಂಕ ಬರೆದ ಹಾಳೆ, ಅದೇ ಹಾಳೆಯ ಹಿಂದೆ ಕಾಲಿನ ನಾಲ್ಕು ಪ್ರಶ್ನೆಗೆ ಅವರ ಉತ್ತರ. ಯಂತ್ರಕ್ಕೆ ಹಚ್ಚುವ ಮುಂಚೆ ಡಾಕ್ಟರು ಸುತ್ತು ಬರುವಾಗ ಇಷ್ಟನ್ನು ಕೈಗೆ ಕೊಟ್ಟರೆ, ರೋಗಿ ತನ್ನ ಬಾಯಿಂದ ಹೇಳದ ಮಾತು ಅವರಿಗೆ ಮುಟ್ಟುತ್ತದೆ.